ನಿಫ್ಟಿ 24,900 ಸಪೋರ್ಟ್ ಕೆಳಗೆ ಪುಟ್ ಸ್ಪ್ರೆಡ್: ಎಷ್ಟು ಅಗಲ, ಯಾವ ಡೆಲ್ಟಾ, ಅರ್ಧ ಲಾಭಕ್ಕೆ ಬಿಡೋದಾ?

ಶ್ಯಾಮ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸುಮ್ನೆ ಓದುತ್ತಾ ಇದ್ದೇನೆ, ಬರೆಯುವುದು ಇದೇ ಮೊದಲು. ಅಡಿಕೆ ತೋಟದ ಕೆಲಸದ ನಡುವೆ ಪರದೆ ನೋಡಿಕೊಂಡು ಕೂರಲು ನನಗೆ ಆಗುವುದಿಲ್ಲ. ಹಾಗಾಗಿ ವಾರದ ಆಪ್ಷನ್ ಬಿಟ್ಟು ತಿಂಗಳಿನದ್ದರಲ್ಲಿ ಪುಟ್ ಕ್ರೆಡಿಟ್ ಸ್ಪ್ರೆಡ್ ಮಾಡೋಣ ಅಂತ ಇದ್ದೇನೆ.

ಈಗ ನಿಫ್ಟಿ 25,500ರ ಆಸುಪಾಸಿನಲ್ಲಿದೆ. ಎಕ್ಸ್‌ಪೈರಿಗೆ 30 ದಿನ ಉಂಟು. ಚಾರ್ಟಿನಲ್ಲಿ 24,900ರ ಹತ್ತಿರ ಮೂರು ಸಲ ಬಂದು ತಿರುಗಿದೆ. ಅದರ ಕೆಳಗಿನ 24,800 ಪುಟ್ 122 ರೂಪಾಯಿಗೆ ಸಿಗುತ್ತಿದೆ, ಡೆಲ್ಟಾ 0.21 ತೋರಿಸುತ್ತಿದೆ. ಅದನ್ನು ಮಾರಿ ಕೆಳಗಿನದ್ದು ಯಾವುದನ್ನು ಕೊಳ್ಳಬೇಕು ಅನ್ನುವುದೇ ಗೊಂದಲ.

24,700 ಪುಟ್ 105, 24,500 ಪುಟ್ 78, 24,300 ಪುಟ್ 58. ಅಂದರೆ 100 ಅಗಲ ಇಟ್ಟರೆ ಕೈಗೆ 17, 300 ಇಟ್ಟರೆ 44, 500 ಇಟ್ಟರೆ 64. ಒಂದು ವಿಡಿಯೋದಲ್ಲಿ 'ಅಗಲದ ಮೂರನೇ ಒಂದು ಭಾಗ ಸಿಗದಿದ್ದರೆ ಮುಟ್ಟಬೇಡಿ' ಅಂದಿದ್ದರು. ನನಗೆ ಆರನೇ ಒಂದು ಭಾಗವೂ ಸರಿಯಾಗಿ ಸಿಗುತ್ತಿಲ್ಲ. ನಾನು ಎಲ್ಲಿ ತಪ್ಪಿದೆ?

ಹರೀಶ, ಹೊಸೂರು

ಗುರು, ತಿಂಗಳಿನದ್ದು ಯಾಕೆ? ವಾರದ್ದರಲ್ಲಿ 0.20 ಡೆಲ್ಟಾ ಮಾರು. ಮಂಗಳವಾರ ಎಕ್ಸ್‌ಪೈರಿ, ಐದು ದಿನದಲ್ಲಿ ಕಥೆ ಮುಗಿಯಿತು. 0.20 ಅಂದರೆ ನೂರಕ್ಕೆ ಎಂಬತ್ತು ಸಲ ಗೆಲ್ಲುತ್ತೀಯ. ಅಗಲ 100 ಸಾಕು, ನಷ್ಟ ಕಡಿಮೆ. ದುಡ್ಡು ಜಾಸ್ತಿ ಬೇಕಿದ್ದರೆ ಮೂರು ಲಾಟ್ ಹಾಕು, ಅಷ್ಟೇ. ನಾನು ಶಿಫ್ಟ್ ಮುಗಿಸಿ ಬಂದು ಇದನ್ನೇ ಮಾಡೋದು.

ಗಣೇಶ, ಪೆರ್ಲ

ಸಪೋರ್ಟ್ ಒಡೆದರೆ ಪುಟ್ ಕೊಳ್ಳುವುದಲ್ವಾ? ನೀವು ಯಾಕೆ ಮಾರುತ್ತಿದ್ದೀರಿ?

ಶ್ಯಾಮ, ಬದಿಯಡ್ಕ

ಗಣೇಶಣ್ಣ, ಒಡೆಯುತ್ತದೆ ಅಂತ ಅಲ್ಲ, ಒಡೆಯುವುದಿಲ್ಲ ಅನ್ನುವ ಲೆಕ್ಕದಲ್ಲಿ ಮಾರುವುದು. ಮೇಲೆ ಹೋದರೂ ಸರಿ, ಇದ್ದಲ್ಲೇ ಇದ್ದರೂ ಸರಿ, ಸ್ವಲ್ಪ ಇಳಿದರೂ ಸರಿ.

ಕುಂಬಳೆ ಮಾವ

ಶ್ಯಾಮ, ನೀನು ಎಲ್ಲಿಯೂ ತಪ್ಪಲಿಲ್ಲ. ಆ ಮೂರನೇ ಒಂದು ಭಾಗದ ಮಾತೇ ಇಲ್ಲಿಗೆ ಹೊಂದುವುದಿಲ್ಲ.

ಒಂದು ಸಂಗತಿ ಹಿಡಿದುಕೊ. ಸ್ಪ್ರೆಡ್‌ನಲ್ಲಿ ಅಗಲದ ಎಷ್ಟು ಪಾಲು ನಿನಗೆ ಕ್ರೆಡಿಟ್ ಆಗಿ ಸಿಗುತ್ತದೆ ಅನ್ನುವುದು ಸುಮಾರಾಗಿ ಆ ಎರಡು ಸ್ಟ್ರೈಕ್‌ಗಳ ನಡುವಿನ ಡೆಲ್ಟಾದ ಸರಾಸರಿ. ಮೇಲಿನದ್ದು 0.21, ಕೆಳಗಿನ 24,500ರದ್ದು 0.14. ನಡುವೆ 0.17, 0.18. ಒಂದು ರೂಪಾಯಿ ಅಗಲಕ್ಕೆ 17, 18 ಪೈಸೆ ಸಿಗಬೇಕು. ಆದರೆ ನಿಫ್ಟಿಯಲ್ಲಿ ಕೆಳಗಿನ ಪುಟ್‌ಗಳ ಐವಿ ಯಾವಾಗಲೂ ಸ್ವಲ್ಪ ಜಾಸ್ತಿ. ಅಂದರೆ ನೀನು ಮಾರುವುದು ಕಡಿಮೆ ಐವಿಯದ್ದು, ಕೊಳ್ಳುವುದು ದುಬಾರಿಯದ್ದು. ಅಲ್ಲಿ ಎರಡು ಮೂರು ಪೈಸೆ ಸೋರಿ ನಿನಗೆ 15 ಉಳಿಯಿತು. 44 ಭಾಗಿಸು 300 ಮಾಡಿ ನೋಡು.

ಡೆಲ್ಟಾ ಒಂದು ಕಡೆ, ಅಗಲ ಇನ್ನೊಂದು ಕಡೆ ಅಂತ ಬೇರೆ ಬೇರೆ ಆರಿಸುವ ವಸ್ತು ಅಲ್ಲ ಇದು. ಡೆಲ್ಟಾ ಹೇಳಿದ ಕೂಡಲೇ ಪಾಲು ಹೇಳಿದ ಹಾಗೆ ಆಯಿತು. 0.21 ಡೆಲ್ಟಾದಲ್ಲಿ 33 ಪೈಸೆ ಕೇಳುವುದು ಅಂದರೆ ಹಳೆ ಅಡಿಕೆಯ ದರಕ್ಕೆ ಹೊಸ ಅಡಿಕೆ ಮಾರಲು ಹೊರಟ ಹಾಗೆ.

0.30 ಡೆಲ್ಟಾಕ್ಕೆ ಹೋಗೋಣ ಅಂತ ಇಟ್ಟುಕೊ. ಅದು ಸುಮಾರು 25,100ರ ಪುಟ್, 190 ರೂಪಾಯಿ ಇರಬಹುದು. 24,800 ಕೊಂಡರೆ 68 ಸಿಗುತ್ತದೆ. ಅದೂ 23 ಪೈಸೆ, 33 ಅಲ್ಲ. ಇನ್ನೂ ಮುಖ್ಯ ಎಂತ ಗೊತ್ತುಂಟಾ? 25,100 ನಿನ್ನ ಸಪೋರ್ಟಿನ ಮೇಲೆ ಕೂತಿದೆ. ಸಪೋರ್ಟ್ ತನಕ ಬಂದು ತಿರುಗಿದರೂ, ಅಂದರೆ ನಿನ್ನ ಊಹೆ ಸರಿಯಾದರೂ, ನೀನು ನಷ್ಟದಲ್ಲಿ ಇರುತ್ತಿ.

ಅತ್ತ 0.10ಕ್ಕೆ ಹೋದರೆ 24,250ರ ಆಸುಪಾಸು. 300 ಅಗಲಕ್ಕೆ 18–20 ಸಿಗುತ್ತದೆ. ಅದರ ಅರ್ಧಕ್ಕೆ ಬಿಡುವುದಾದರೆ 9 ರೂಪಾಯಿ. 9ಕ್ಕೋಸ್ಕರ 280 ಅಪಾಯದಲ್ಲಿ ಇಡಬೇಕಾ? ನೀನು ಹೇಳಿದ 24,800 ಸರಿಯಾದ ಜಾಗ.

ಹರೀಶ, ಹೊಸೂರು

ಮಾವ, ಹಾಗಾದರೆ 100 ಅಗಲಕ್ಕೆ 17 ಪೈಸೆ ಪಾಲು ಬರುತ್ತಲ್ಲ, 300ಕ್ಕೆ 15, 500ಕ್ಕೆ 13. ಚಿಕ್ಕದೇ ಒಳ್ಳೆಯದು ಅಂತ ನೀವೇ ಹೇಳಿದ ಹಾಗಾಯ್ತು!

ಕುಂಬಳೆ ಮಾವ

ಕಾಗದದ ಮೇಲೆ ಸರಿ. ಎಕ್ಸ್‌ಪೈರಿ ತನಕ ಇಟ್ಟುಕೊಂಡರೆ ಇನ್ನೂ ಸ್ವಲ್ಪ ಸರಿ. ಆದರೆ ಅವನು ಕೇಳಿದ್ದು ಅರ್ಧ ಲಾಭಕ್ಕೆ ಬಿಡುವ ವಿಚಾರ. ಅಲ್ಲಿ ಲೆಕ್ಕ ತಿರುಗುತ್ತದೆ. ಟೀಚರ್ ಇದ್ದಾರಾ? ಅವರು ಚಂದ ಮಾಡಿ ಹೇಳುತ್ತಾರೆ.

ಟೀಚರ್, ಮಂಜೇಶ್ವರ

ಇದ್ದೇನೆ ಮಾವ. ಉತ್ತರ ಪತ್ರಿಕೆ ತಿದ್ದುತ್ತಾ ಇದ್ದೆ.

ಲಾಟ್ 65. ಮೊದಲು ಖರ್ಚು ನೋಡೋಣ. ಒಳಗೆ ಹೋಗಲು ಎರಡು ಆರ್ಡರ್, ಹೊರಗೆ ಬರಲು ಎರಡು. ಆರ್ಡರಿಗೆ 20 ರೂಪಾಯಿ ಅಂದರೆ 80, ಜಿಎಸ್‌ಟಿ ಸೇರಿ 94 ರೂಪಾಯಿ 40 ಪೈಸೆ. ಮಾರಿದ ಪ್ರೀಮಿಯಂ ಮೇಲೆ ಎಸ್‌ಟಿಟಿ, ಎಕ್ಸ್‌ಚೇಂಜಿನ ಚಿಲ್ಲರೆ ಎಲ್ಲ ಸೇರಿಸಿ ಒಂದು ಲಾಟಿಗೆ 115–120 ಹಿಡಿಯಿರಿ. ಇದಲ್ಲದೆ ಕೊಳ್ಳುವ ಮಾರುವ ದರದ ನಡುವಿನ ಸಂದಿನಲ್ಲಿ ಪ್ರತಿ ಸಲ ಅರ್ಧ ರೂಪಾಯಿ ಹೋದರೂ ನಾಲ್ಕು ಸಲಕ್ಕೆ 2 ಪಾಯಿಂಟ್, 130 ರೂಪಾಯಿ. ಒಟ್ಟು 250.

100 ಅಗಲದಲ್ಲಿ ಅರ್ಧ ಲಾಭ ಅಂದರೆ ಎಂಟೂವರೆ ಪಾಯಿಂಟ್, 552 ರೂಪಾಯಿ. ಅದರಲ್ಲಿ 250 ಹೋದರೆ ಉಳಿದದ್ದು 300. ಹೆಚ್ಚುಕಡಿಮೆ ಅರ್ಧ ಖರ್ಚಿಗೇ ಹೋಯಿತು. 300 ಅಗಲದಲ್ಲಿ ಅರ್ಧ ಅಂದರೆ 22 ಪಾಯಿಂಟ್, 1,430. ಅದೇ 250 ಕಳೆದರೆ 1,180 ಉಳಿಯುತ್ತದೆ.

ಪಾಲು ಎರಡು ಪೈಸೆ ಜಾಸ್ತಿ ಸಿಕ್ಕಿತು ಅಂತ ಚಿಕ್ಕ ಅಗಲ ಆರಿಸಿದರೆ, ಅರ್ಧಕ್ಕೆ ಬಿಡುವವರಿಗೆ ಅದು ಖರ್ಚಿನಲ್ಲೇ ಕರಗಿ ಹೋಗುತ್ತದೆ.

ಹರೀಶ, ಹೊಸೂರು

ಟೀಚರ್, ಬ್ರೋಕರೇಜ್ ಆರ್ಡರಿಗೆ ಲೆಕ್ಕ, ಲಾಟಿಗೆ ಅಲ್ಲ. 100 ಅಗಲದ್ದು ಮೂರು ಲಾಟ್ ಒಂದೇ ಆರ್ಡರಿನಲ್ಲಿ ಹಾಕಿದರೆ ಅದೇ 20 ರೂಪಾಯಿ. ಆಗ?

ಟೀಚರ್, ಮಂಜೇಶ್ವರ

ಒಪ್ಪಿದೆ, ಅದು ಸರಿ. ಮೂರು ಲಾಟ್ 100 ಅಗಲ ಅಂದರೆ ಗರಿಷ್ಠ ನಷ್ಟ 83 × 195 = 16,185. ಒಂದು ಲಾಟ್ 300 ಅಗಲ ಅಂದರೆ 256 × 65 = 16,640. ಹೆಚ್ಚುಕಡಿಮೆ ಒಂದೇ. ಕ್ರೆಡಿಟ್ ನಿಮ್ಮದ್ದರಲ್ಲಿ 3,315, ಇದರಲ್ಲಿ 2,860. ನಿಮಗೆ 455 ಜಾಸ್ತಿ. ಅರ್ಧಕ್ಕೆ ಬಿಟ್ಟರೆ 228 ಜಾಸ್ತಿ. ಆದರೆ ಆ ದರದ ಸಂದು ಲಾಟಿಗೆ ಲೆಕ್ಕ, 130ರ ಬದಲು 390. 260 ಅಲ್ಲೇ ಹೋಯಿತು. ಸರಿಸಮ.

ಕುಂಬಳೆ ಮಾವ

ಇನ್ನೊಂದು ಉಳಿಯಿತು ಟೀಚರೇ, ಮಾರ್ಜಿನ್. ಮಾರಿದ ಪ್ರತಿ ಲಾಟಿಗೂ ಒಟ್ಟು ಮೌಲ್ಯದ ಶೇಕಡಾ 2 ಎಕ್ಸ್‌ಪೋಶರ್ ಅಂತ ಹಿಡಿಯುತ್ತಾರೆ. ಕೆಳಗೆ ಪುಟ್ ಕೊಂಡಿದ್ದೇನೆ ಅಂತ ಅದು ಕಡಿಮೆ ಆಗುವುದಿಲ್ಲ. ಕಡಿಮೆ ಆಗುವುದು ಸ್ಪ್ಯಾನ್ ಮಾತ್ರ. 25,500 × 65 ಅಂದರೆ 16 ಲಕ್ಷದ 57 ಸಾವಿರದ 500. ಅದರ ಎರಡು ಶೇಕಡಾ 33,150. ಮೂರು ಲಾಟಿಗೆ 99,450.

ಗರಿಷ್ಠ ನಷ್ಟದ ಆಸುಪಾಸು ಸ್ಪ್ಯಾನ್ ಸೇರಿಸಿದರೆ ಶ್ಯಾಮನ ಒಂದು ಲಾಟಿಗೆ ಸರಿಸುಮಾರು 50 ಸಾವಿರ ಸಾಕು. ಹರೀಶನ ಮೂರು ಲಾಟಿಗೆ ಒಂದು ಲಕ್ಷದ 15 ಸಾವಿರ ಕಟ್ಟಿ ಹಾಕಬೇಕು. ಅಪಾಯ ಒಂದೇ, ಲಾಭ ಒಂದೇ, ಹಣ ಎರಡು ಪಟ್ಟಿಗಿಂತ ಜಾಸ್ತಿ. ನಿನ್ನ ಬ್ರೋಕರಿನ ಕ್ಯಾಲ್ಕುಲೇಟರ್‌ನಲ್ಲಿ ಎರಡನ್ನೂ ಹಾಕಿ ನೋಡು ಹರೀಶ.

500 ಅಗಲ ಯಾಕಲ್ಲ ಅಂತ ಕೇಳಬಹುದು. 28 ಸಾವಿರದಷ್ಟು ನಷ್ಟ ತಡೆಯುವ ಖಾತೆ ಇದ್ದರೆ ಆಗಬಹುದು. ಆದರೆ 300ರಿಂದ 500ಕ್ಕೆ ಹೋದಾಗ ಅಪಾಯ 180 ಪಾಯಿಂಟ್ ಏರುತ್ತದೆ, ಸಿಗುವುದು 20 ಪಾಯಿಂಟ್ ಮಾತ್ರ. ಕಡೆಯ ಆ ಇನ್ನೂರು ಅಗಲ ಹತ್ತು ಪೈಸೆಗೆ ಮಾರಿದ ಹಾಗೆ. ನನಗೆ ಅದು ಸೇರುವುದಿಲ್ಲ.

ಹರೀಶ, ಹೊಸೂರು

ಕ್ಯಾಲ್ಕುಲೇಟರ್ ನೋಡಿದೆ. ಹ್ಞೂಂ. ಮಾವ ಹೇಳಿದ ಹಾಗೇ ತೋರಿಸುತ್ತಿದೆ. ಆದರೂ ವಾರದ್ದೇ ಬೆಟರ್ ಅಂತೀನಿ.

ಕುಂಬಳೆ ಮಾವ

ವಾರದ್ದು ಆಡು, ಬೇಡ ಅನ್ನುವುದಿಲ್ಲ. ಆದರೆ ಶ್ಯಾಮನ ಸಪೋರ್ಟಿಗೆ ಅದು ಹೊಂದುವುದಿಲ್ಲ. ಐದು ದಿನ ಇರುವಾಗ 0.20 ಡೆಲ್ಟಾ ಎಲ್ಲಿರುತ್ತದೆ? 25,150, 25,200ರ ಹತ್ತಿರ. ಸಪೋರ್ಟಿಗಿಂತ ಮೇಲೆ ಮುನ್ನೂರು ಪಾಯಿಂಟ್. ಅದೇ ವಾರದ್ದರಲ್ಲಿ 24,800 ಮಾರು ನೋಡೋಣ, ಹತ್ತು ರೂಪಾಯಿ ಸಿಕ್ಕಿದರೆ ಪುಣ್ಯ. ಸಪೋರ್ಟ್ ಆರು ನೂರು ಪಾಯಿಂಟ್ ಕೆಳಗಿದ್ದರೆ ಅದರ ಕೆಳಗೆ ಮಾರಿಯೂ ಒಳ್ಳೆಯ ಪ್ರೀಮಿಯಂ ಸಿಗಬೇಕಾದರೆ ದಿನ ಬೇಕಾಗುತ್ತದೆ.

ಮಲ್ಲು, ಅಕ್ಕಲಕೋಟೆ

ಮಾವಾರ, ಒಂದು ಕೇಳ್ತೀನ್ರೀ. ಹೋದ ವರ್ಷ ನಾನು ಒಂದು ಶೇರಿನಲ್ಲಿ ಹಿಂಗೇ ಸ್ಪ್ರೆಡ್ ಹಾಕಿದ್ದೆ. ಕಡೇ ದಿನ ಬೆಲೆ ಎರಡೂ ಸ್ಟ್ರೈಕ್ ನಡುವೆ ನಿಂತಿತು. ನಷ್ಟ ಆರು ಸಾವಿರ ಅಂದುಕೊಂಡು ಮಲಗಿದೆ. ಮರುದಿನ ನೋಡಿದರೆ ಪೂರ್ತಿ ಲಾಟ್ ಶೇರು ಕೊಳ್ಳಬೇಕು, ಲಕ್ಷಗಟ್ಟಲೆ ತುಂಬಿ ಅಂತ ಮೆಸೇಜ್! ಸೊಲ್ಲಾಪುರಕ್ಕೆ ಓಡಿ ಮಾವನ ಹತ್ತಿರ ಸಾಲ ತಂದೆ. ನಿಫ್ಟಿಯಲ್ಲೂ ಹಿಂಗೇ ಆಗ್ತದ ಏನು?

ಕುಂಬಳೆ ಮಾವ

ಇಲ್ಲ ಮಲ್ಲಣ್ಣ. ಶೇರಿನ ಆಪ್ಷನ್‌ಗಳಲ್ಲಿ ಶೇರನ್ನೇ ಕೊಟ್ಟು ತೆಗೆದುಕೊಳ್ಳುವ ವ್ಯವಸ್ಥೆ. ಕೆಳಗಿನ ಪುಟ್ ಬೆಲೆಯಿಲ್ಲದೆ ಸತ್ತಿತು, ಮೇಲಿನದ್ದು ಜೀವ ಉಳಿಸಿಕೊಂಡಿತು, ಹಾಗಾಗಿ ಶೇರು ನಿಮ್ಮ ತಲೆಗೆ ಬಂತು. ನಿಫ್ಟಿ ಹಣದಲ್ಲೇ ಚುಕ್ತಾ ಆಗುತ್ತದೆ, ನಡುವೆ ಯಾರೂ ಎಕ್ಸರ್‌ಸೈಜ್ ಮಾಡುವ ಹಾಗೂ ಇಲ್ಲ. ನಿಂತ ಬೆಲೆಯ ವ್ಯತ್ಯಾಸ ಮಾತ್ರ ಕಡಿತ. ಶ್ಯಾಮನದ್ದಾದರೆ 24,800ರಿಂದ 44 ಕಳೆದು 24,756 ಸಮತಟ್ಟು.

ಮಲ್ಲು, ಅಕ್ಕಲಕೋಟೆ

ಬದುಕಿದೆ ರೀ. ಮೊದಲೇ ಕೇಳಿದ್ರ ಸಾಲ ಆಗ್ತಿರಲಿಲ್ಲ.

ಶ್ಯಾಮ, ಬದಿಯಡ್ಕ

300 ಅಗಲ ಅಂತ ತೀರ್ಮಾನ ಮಾಡಿದೆ. ಅರ್ಧ ಲಾಭದ ವಿಚಾರ ಇನ್ನೂ ಪೂರ್ತಿ ಹೊಕ್ಕಿಲ್ಲ. ಅರ್ಧಕ್ಕೆ ಬಿಟ್ಟರೆ ಗೆಲ್ಲುವ ಸಲ ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟೇನಾ?

ಹರೀಶ, ಹೊಸೂರು

ಅಷ್ಟೇ ಗುರು. ಅರ್ಧಕ್ಕೆ ಬಿಟ್ಟರೆ ಸೋಲೋ ಚಾನ್ಸೇ ಇಲ್ಲ ಅಂದುಕೋ.

ಟೀಚರ್, ಮಂಜೇಶ್ವರ

ಹರೀಶ್, ಅರ್ಧ ಅಂಕ ಕೊಡುತ್ತೇನೆ. ಗೆಲ್ಲುವ ಸಲ ಜಾಸ್ತಿ ಆಗುತ್ತದೆ, ನಿಜ. ಆದರೆ ಗೆದ್ದಾಗ ಸಿಗುವುದು ಅರ್ಧ.

ಕಡೆಯ ತನಕ ಇಟ್ಟರೆ ಗೆದ್ದಾಗ 44, ಪೂರ್ತಿ ಸೋತಾಗ 256. ನಷ್ಟ ಲಾಭ ಸರಿದೂಗಲು ನೂರಕ್ಕೆ 85 ಸಲ ಗೆಲ್ಲಬೇಕು. ಅರ್ಧಕ್ಕೆ ಬಿಟ್ಟರೆ ಗೆದ್ದಾಗ 22. ಸೋಲಿಗೆ ಏನೂ ಮಾಡದೆ ಪೂರ್ತಿ 256 ಬಿಟ್ಟರೆ ಈಗ ನೂರಕ್ಕೆ 92 ಸಲ ಗೆಲ್ಲಬೇಕು. ಪರೀಕ್ಷೆ ಸುಲಭ ಆಗಿದೆ, ಪಾಸ್ ಮಾರ್ಕೂ ಏರಿದೆ.

ಲಾಭವನ್ನು ಅರ್ಧಕ್ಕೆ ಕತ್ತರಿಸುವವರು ನಷ್ಟವನ್ನೂ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಇಲ್ಲದಿದ್ದರೆ ಹನ್ನೊಂದು ಸಲ ಗೆದ್ದು ಹನ್ನೆರಡನೇ ಸಲ ಎಲ್ಲ ವಾಪಸ್ ಕೊಟ್ಟ ಹಾಗೆ.

ಶ್ಯಾಮ, ಬದಿಯಡ್ಕ

ನಷ್ಟ ಎಲ್ಲಿ ಕತ್ತರಿಸುವುದು? ಸ್ಟ್ರೈಕ್ 24,800 ಮುಟ್ಟಿದಾಗಲಾ?

ಕುಂಬಳೆ ಮಾವ

ಅದಕ್ಕೆ ಮೊದಲು. ಸಪೋರ್ಟಿನ ಕೆಳಗೆ ಮಾರುವ ಉದ್ದೇಶವೇ ಅದು. ಹೆಚ್ಚಿನವರು ಸಪೋರ್ಟ್ ಅಂದರೆ ಪಾಗಾರ ಅಂದುಕೊಳ್ಳುತ್ತಾರೆ, ತಡೆದು ನಿಲ್ಲಿಸುತ್ತದೆ ಅಂತ. ನಾನು ಅದನ್ನು ಹೊರಗೆ ಹೋಗುವ ಬಾಗಿಲು ಅಂತ ನೋಡುತ್ತೇನೆ. ದಿನದ ಕೊನೆಗೆ 24,900ರ ಕೆಳಗೆ ಮುಚ್ಚಿತು ಅಂದರೆ ನನ್ನ ಊಹೆ ಸುಳ್ಳಾಯಿತು. ಆಗ ನನ್ನ ಸ್ಟ್ರೈಕ್ ಇನ್ನೂ ಕೆಳಗೆ ಇರಬೇಕು, ಕೈಯಲ್ಲಿ ಸ್ವಲ್ಪ ಜಾಗ ಇರಬೇಕು.

ಅಲ್ಲಿ ಎಷ್ಟು ನಷ್ಟ ಆಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಇಡು. ಹನ್ನೆರಡು ದಿನ ಕಳೆದಿದೆ, ನಿಫ್ಟಿ 24,870ಕ್ಕೆ ಇಳಿದಿದೆ, ಹೆದರಿಕೆಯಿಂದ ಐವಿ 14ರಿಂದ 17ಕ್ಕೆ ಏರಿದೆ ಅಂತ ಇಟ್ಟುಕೊ. 24,800 ಪುಟ್ 310ರ ಹತ್ತಿರ ಇರುತ್ತದೆ, 24,500 ಪುಟ್ 210ರ ಹತ್ತಿರ. ಸ್ಪ್ರೆಡ್ ನೂರು ಚಿಲ್ಲರೆ. 44ಕ್ಕೆ ಮಾರಿದ್ದು 102ಕ್ಕೆ ಕೊಂಡರೆ ನಷ್ಟ 58, ಲಾಟಿಗೆ 3,770. ನೋವು ಉಂಟು, ಆದರೆ 16,640 ಅಲ್ಲ.

ಟೀಚರ್, ಮಂಜೇಶ್ವರ

22 ಲಾಭ, 58 ನಷ್ಟ ಅಂದರೆ ಈಗ ನೂರಕ್ಕೆ 72, 73 ಸಲ ಗೆದ್ದರೆ ಸರಿದೂಗುತ್ತದೆ, ಖರ್ಚು ಬಿಟ್ಟು. ಪರವಾಗಿಲ್ಲ ಅನಿಸುತ್ತದೆ. ಆದರೆ ಮಾವ, ಇಲ್ಲಿ ನನಗೊಂದು ಅನುಮಾನ. 0.21 ಡೆಲ್ಟಾ ಅಂದರೆ ಕಡೆಯ ದಿನ ಕೆಳಗೆ ಇರುವ ಸಾಧ್ಯತೆ ಸುಮಾರು ನೂರಕ್ಕೆ 21, 22. ನಡುವೆ ಯಾವತ್ತಾದರೂ ಒಂದು ದಿನ ಅಲ್ಲಿ ಮುಟ್ಟಿ ಬರುವ ಸಾಧ್ಯತೆ ಅದರ ಎರಡು ಪಟ್ಟಿನಷ್ಟು. ಸಪೋರ್ಟ್ ಇನ್ನೂ ಮೇಲಿದೆ. ಅರ್ಧ ಲಾಭ ಮೊದಲೇ ಸಿಕ್ಕಿ ಹೊರಗೆ ಬಂದವುಗಳನ್ನು ಬಿಟ್ಟರೂ, ನಿಮ್ಮ ಬಾಗಿಲಿನಿಂದ ಹೊರಗೆ ಹೋಗುವ ಸಲ 21ಕ್ಕಿಂತ ಖಂಡಿತ ಜಾಸ್ತಿ. ಹರೀಶ್ ಹೇಳುವ 'ನೂರಕ್ಕೆ ಎಂಬತ್ತು' ಈ ವಿಧಾನಕ್ಕೆ ಸಲ್ಲುವುದಿಲ್ಲ.

ಕುಂಬಳೆ ಮಾವ

ಸಲ್ಲುವುದಿಲ್ಲ. ಹಾಗಾಗಿ ಮುಟ್ಟಿದ ಕೂಡಲೇ ಅಲ್ಲ, ದಿನದ ಕೊನೆಯ ಬೆಲೆ ನೋಡಿ ಅಂತ ಹೇಳಿದ್ದು. ಮಧ್ಯಾಹ್ನ ಇಳಿದು ಸಂಜೆಗೆ ಏರುವುದು ಮಾಮೂಲು. ಆದರೂ ನಿಮ್ಮ ಮಾತು ನಿಜ. ಡೆಲ್ಟಾದಿಂದ ಗೆಲುವಿನ ಲೆಕ್ಕ ಮಾಡಿ ಸ್ಟಾಪ್ ಇಟ್ಟರೆ ಎರಡು ಬೇರೆ ಪುಸ್ತಕ ಸೇರಿಸಿ ಓದಿದ ಹಾಗೆ.

ಸುಬ್ಬಣ್ಣ, ಮುಳ್ಳೇರಿಯ

ಸ್ಟಾಪ್ ಬೇಡವೇ ಬೇಡ ಅನ್ನುವ ಪಂಗಡ ನನ್ನದು. ಕಾರಣ ಹೇಳುತ್ತೇನೆ.

2025ರ ಏಪ್ರಿಲ್ 4, ಶುಕ್ರವಾರ. ನಿಫ್ಟಿ 22,904ಕ್ಕೆ ಮುಚ್ಚಿತು. ನನ್ನ ಹತ್ತಿರ 22,300ರ ಪುಟ್ ಸ್ಪ್ರೆಡ್, 300 ಅಗಲ, ತಿಂಗಳ ಕೊನೆಯದ್ದು. ಸೋಮವಾರ ಬೆಳಗ್ಗೆ ಚಾ ಕುಡಿಯುತ್ತಾ ಫೋನ್ ತೆಗೆದರೆ 21,758ರಲ್ಲಿ ತೆರೆದಿದೆ. ಸಾವಿರದ ನೂರು ಪಾಯಿಂಟ್ ಕೆಳಗೆ! ಎರಡೂ ಸ್ಟ್ರೈಕ್ ದಾಟಿ ಹೋಗಿದೆ. ನಿಮ್ಮ ಬಾಗಿಲು ಎಲ್ಲಿ ಮಾವ? ಬಾಗಿಲು ಕಾಣುವ ಮೊದಲೇ ಮನೆಯಿಂದ ಹೊರಗೆ ಬಿದ್ದಿದ್ದೆ.

ನಾನು ಏನೂ ಮಾಡಲಿಲ್ಲ. ಕೈ ನಡುಗುತ್ತಿತ್ತು, ಹಾಗಾಗಿ ಮಾಡಲಿಲ್ಲ ಅಂತ ಬೇಕಾದರೂ ಅನ್ನಿ. ಏಪ್ರಿಲ್ 24ರ ಎಕ್ಸ್‌ಪೈರಿಗೆ ನಿಫ್ಟಿ 24,246. ಪೂರ್ತಿ ಕ್ರೆಡಿಟ್ ನನ್ನದು. 2024ರ ಜೂನ್ 4, ಚುನಾವಣೆ ಫಲಿತಾಂಶದ ದಿನ, 23,263ರಿಂದ 21,884ಕ್ಕೆ ಬಿತ್ತು. ಅದೇ ತಿಂಗಳ 27ಕ್ಕೆ 24,044. ಸ್ಟಾಪ್ ಇಟ್ಟವರು ಎರಡು ಸಲವೂ ತಳದಲ್ಲಿ ನಷ್ಟಕ್ಕೆ ಬಿಟ್ಟರು. ನಷ್ಟಕ್ಕೆ ಮಿತಿ ಸ್ಪ್ರೆಡ್‌ನ ಅಗಲವೇ ಹಾಕಿದೆ, ಮತ್ತೆ ಸ್ಟಾಪ್ ಯಾಕೆ?

ಕುಂಬಳೆ ಮಾವ

ಸುಬ್ಬಣ್ಣ, ಗ್ಯಾಪ್ ಬಿದ್ದಾಗ ಬಾಗಿಲು ಇಲ್ಲ, ಒಪ್ಪುತ್ತೇನೆ. ಕೆಳಗೆ ಪುಟ್ ಕೊಳ್ಳುವುದೇ ಆ ದಿನಕ್ಕೆ. ಆದರೆ ಎರಡು ಒಳ್ಳೆಯ ಕಥೆ ಹೇಳಿದಿರಿ, ಕೆಟ್ಟದ್ದು ನಾನು ಹೇಳುತ್ತೇನೆ.

2024ರ ಸೆಪ್ಟೆಂಬರ್ 27ರಂದು ನಿಫ್ಟಿ 26,277 ಮುಟ್ಟಿತು. ಅಕ್ಟೋಬರ್ 31ರ ಎಕ್ಸ್‌ಪೈರಿಗೆ 24,205. ಅಷ್ಟು ದೊಡ್ಡ ಗ್ಯಾಪ್ ಏನೂ ಇರಲಿಲ್ಲ. ಇವತ್ತು ಇನ್ನೂರು, ನಾಡಿದ್ದು ನೂರೈವತ್ತು, ನಡುವೆ ಒಂದು ದಿನ ಏರಿ ಆಸೆ ಹುಟ್ಟಿಸಿತು. ಸಪೋರ್ಟ್ ಒಂದೊಂದಾಗಿ ಬಿಟ್ಟುಕೊಟ್ಟಿತು. ಅಲ್ಲಿ ಬಾಗಿಲು ಇತ್ತು, ತೆರೆದೂ ಇತ್ತು. ಕೂತು ನೋಡಿದವರಿಗೆ ಪೂರ್ತಿ ನಷ್ಟ. ಸ್ಟಾಪ್ ಇಂಥ ತಿಂಗಳಿಗೆ.

ಸುಬ್ಬಣ್ಣ, ಮುಳ್ಳೇರಿಯ

ಅಕ್ಟೋಬರಿನಲ್ಲಿ ನಾನೂ ಕಳೆದುಕೊಂಡೆ. ಅದಕ್ಕೆ ಲಾಟ್ ಕಡಿಮೆ ಹಾಕುವುದು ನನ್ನ ಮದ್ದು. ಪೂರ್ತಿ ನಷ್ಟ ಆದರೂ ಖಾತೆಯ ಶೇಕಡಾ ಎರಡು ದಾಟಬಾರದು. ನಿಮ್ಮ ದಾರಿ ನಿಮಗೆ, ನನ್ನದು ನನಗೆ.

ರಾಧಕ್ಕ, ನೀರ್ಚಾಲು

ಇಷ್ಟೆಲ್ಲ ಲೆಕ್ಕದ ನಡುವೆ ಆರ್ಡರ್ ಹಾಕುವ ವಿಷಯ ಯಾರೂ ಹೇಳಲಿಲ್ಲ. ನನಗೆ ಪೆಟ್ಟು ಬಿದ್ದದ್ದು ಅಲ್ಲಿ.

ಜುಲೈ ತಿಂಗಳು, ಹೊರಗೆ ಜಡಿಮಳೆ. ಕರೆಂಟು ಬೆಳಗ್ಗೆಯೇ ಹೋಗಿತ್ತು. ವೈಫೈ ಇಲ್ಲ, ಫೋನಿನಲ್ಲಿ ಒಂದು ಕಡ್ಡಿ ಸಿಗ್ನಲ್, ಅದೂ ಚಾವಡಿಯ ಮೂಲೆಯಲ್ಲಿ ನಿಂತರೆ ಮಾತ್ರ. ಅರ್ಧ ಲಾಭ ಬಂದಿತ್ತು, ಬಿಡೋಣ ಅಂತ ಹೊರಟೆ. ಲಾಭ ಹಸಿರಾಗಿ ಕಾಣುವ ಖುಷಿಯಲ್ಲಿ ಮೊದಲು ಕೆಳಗಿನ ಪುಟ್ ಮಾರಿಬಿಟ್ಟೆ. ಮಾರಿದ್ದು ಆಯಿತು, ಸಿಗ್ನಲ್ ಹೋಯಿತು. ಈಗ ಕೈಯಲ್ಲಿ ಉಳಿದದ್ದು ಕೆಳಗೆ ಏನೂ ಆಧಾರ ಇಲ್ಲದ ಮಾರಿದ ಪುಟ್. ಹತ್ತು ನಿಮಿಷದ ಮೇಲೆ ಸಿಗ್ನಲ್ ಬಂದಾಗ ಮಾರ್ಜಿನ್ ಸಾಲದು ಅಂತ ಮೆಸೇಜು ಬಂದು ಕೂತಿತ್ತು. ನಿಫ್ಟಿ ಅಲುಗಲಿಲ್ಲ, ಬಚಾವ್. ಪೆನಾಲ್ಟಿ ಮಾತ್ರ ಕಟ್ಟಿದೆ.

ಆವತ್ತಿನಿಂದ ಒಂದೇ ಕ್ರಮ. ಒಳಗೆ ಹೋಗುವಾಗ ಮೊದಲು ಕೊಳ್ಳುವುದು, ಆಮೇಲೆ ಮಾರುವುದು. ಹೊರಗೆ ಬರುವಾಗ ಮೊದಲು ಮಾರಿದ್ದನ್ನು ಕೊಳ್ಳುವುದು, ಆಮೇಲೆ ಕೊಂಡದ್ದನ್ನು ಮಾರುವುದು. ನಡುವೆ ಸಿಗ್ನಲ್ ಹೋದರೂ ಕೈಯಲ್ಲಿ ಉಳಿಯುವುದು ಕೊಂಡ ಪುಟ್ ಮಾತ್ರ.

ಶ್ಯಾಮ, ಬದಿಯಡ್ಕ

ರಾಧಕ್ಕ, ಇದನ್ನು ಬರೆದು ಫೋನಿನ ಹಿಂದೆ ಅಂಟಿಸುತ್ತೇನೆ. ಅರ್ಧ ಲಾಭಕ್ಕೆ ಮೊದಲೇ ಆರ್ಡರ್ ಇಟ್ಟು ತೋಟಕ್ಕೆ ಹೋಗಬಹುದಾ?

ರಾಧಕ್ಕ, ನೀರ್ಚಾಲು

ನನ್ನ ಆ್ಯಪಿನಲ್ಲಿ ಜಿಟಿಟಿ ಒಂದೊಂದು ಲೆಗ್ಗಿಗೆ ಮಾತ್ರ ಇಡಲು ಆಗುವುದು. 'ಎರಡರ ವ್ಯತ್ಯಾಸ 22 ಆದರೆ ಎರಡನ್ನೂ ಮುಚ್ಚು' ಅಂತ ಇಡಲು ಆಗುವುದಿಲ್ಲ ಮಾರಾಯ. ನಾನು ನಿಫ್ಟಿಗೆ ಎರಡು ಅಲರ್ಟ್ ಇಡುತ್ತೇನೆ. ಮೇಲೆ ಒಂದು, ಸಪೋರ್ಟಿನ ಸ್ವಲ್ಪ ಮೇಲೆ ಒಂದು. ಬಡಿದಾಗ ನೋಡಿ ಕೈಯಲ್ಲೇ ಮುಚ್ಚುವುದು.

ಕುಂಬಳೆ ಮಾವ

ಅಲರ್ಟ್ ಜೊತೆ ತಾರೀಕೂ ಬರೆದಿಡು ಶ್ಯಾಮ. ನಿಫ್ಟಿ ಇದ್ದಲ್ಲೇ ನಿಂತರೆ ಅರ್ಧ ಲಾಭ ಅರ್ಧ ತಿಂಗಳಿಗೆ ಬರುವುದಿಲ್ಲ. ಹದಿನೈದು ದಿನ ಕಳೆದರೂ ಸ್ಪ್ರೆಡ್ 26ರ ಹತ್ತಿರ ಇರುತ್ತದೆ, 22ಕ್ಕೆ ಬರಲು ಇನ್ನೂ ಎರಡು ಮೂರು ದಿನ ಬೇಕು. ಹತ್ತು ದಿನ ಉಳಿದಾಗಲೂ ಬರದಿದ್ದರೆ ನಾನು ಸಿಕ್ಕಿದ್ದಕ್ಕೆ ಬಿಡುತ್ತೇನೆ. ಕಡೆಯ ವಾರ ಸ್ಟ್ರೈಕ್ ಹತ್ತಿರ ಇದ್ದರೆ ನೂರು ಪಾಯಿಂಟಿನ ಅಲುಗಾಟಕ್ಕೂ ಸ್ಪ್ರೆಡ್ ಹುಚ್ಚುಹುಚ್ಚಾಗಿ ಹಾರುತ್ತದೆ. ಎಕ್ಸ್‌ಪೈರಿ ದಿನ ಮಾರಿದ್ದರ ಮೇಲೆ ಇನ್ನೂ ಶೇಕಡಾ 2 ಮಾರ್ಜಿನ್ ಬೇರೆ ಕೇಳುತ್ತಾರೆ.

ಶ್ಯಾಮ, ಬದಿಯಡ್ಕ (ಹನ್ನೆರಡು ದಿನದ ನಂತರ)

ಆದದ್ದು ಹೇಳುತ್ತೇನೆ. 24,500 ಪುಟ್ 78.20ಕ್ಕೆ ಕೊಂಡೆ, 24,800 ಪುಟ್ 121.60ಕ್ಕೆ ಮಾರಿದೆ. ಕೈಗೆ ಬಂದದ್ದು 43.40. ಲೆಕ್ಕದ 44ರಲ್ಲಿ 60 ಪೈಸೆ ಟೀಚರ್ ಹೇಳಿದ ಸಂದಿನಲ್ಲಿ ಹೋಯಿತು.

ನಾಲ್ಕನೇ ದಿನ ನಿಫ್ಟಿ 25,230ಕ್ಕೆ ಇಳಿದಿತ್ತು. ಸ್ಪ್ರೆಡ್ 60 ದಾಟಿತು. ಆ ರಾತ್ರಿ ಎರಡು ಸಲ ಎದ್ದು ಗಿಫ್ಟ್ ನಿಫ್ಟಿ ನೋಡಿದೆ, ಸುಳ್ಳು ಹೇಳುವುದಿಲ್ಲ. ಸಪೋರ್ಟ್ ಇನ್ನೂ ಮುನ್ನೂರು ಕೆಳಗೆ ಇತ್ತು, ಹಾಗಾಗಿ ಮುಟ್ಟಲಿಲ್ಲ.

ಹನ್ನೊಂದನೇ ದಿನ ಅಡಿಕೆಗೆ ಮದ್ದು ಬಿಡುವವರು ಬಂದಿದ್ದರು. ಸುಣ್ಣ ಮೈಲುತುತ್ತು ಕಲಸುತ್ತಾ ಇದ್ದೆ, ಕೈಯೆಲ್ಲ ನೀಲಿ. ಅಲರ್ಟ್ ಬಡಿಯಿತು. 25,750. ಕೈ ತೊಳೆದು ಬಂದು ನೋಡಿದರೆ 24,800 ಪುಟ್ 42, 24,500 ಪುಟ್ 22. ಮೊದಲು ಮೇಲಿನದ್ದು 42.10ಕ್ಕೆ ಕೊಂಡೆ, ಆಮೇಲೆ ಕೆಳಗಿನದ್ದು 22.20ಕ್ಕೆ ಮಾರಿದೆ. 19.90. ಲಾಭ ಇಪ್ಪತ್ಮೂರೂವರೆ ಪಾಯಿಂಟ್, 1,527 ರೂಪಾಯಿ 50 ಪೈಸೆ. ಖರ್ಚು 117 ಹೋಯಿತು. ಮದ್ದಿನವರ ಒಬ್ಬರ ಕೂಲಿ ಬಂತು ಅಂತ ಮನೆಯಲ್ಲಿ ನಕ್ಕರು.

ಹರೀಶ, ಹೊಸೂರು

ಸೂಪರ್ ಗುರು. ಆದರೆ ಇವತ್ತು 25,900! ಇಟ್ಟುಕೊಂಡಿದ್ದರೆ ಉಳಿದ 20ನೂ ಬರ್ತಿತ್ತು.

ಟೀಚರ್, ಮಂಜೇಶ್ವರ

ಬರುತ್ತಿತ್ತು, ಹತ್ತೊಂಬತ್ತು ದಿನ ಕಾದರೆ. ಆ 20ಕ್ಕೆ ಅವರು 280 ಒಡ್ಡಿಕೊಂಡು ಕೂರಬೇಕಿತ್ತು. ಶುರುವಿನಲ್ಲಿ 44ಕ್ಕೆ 256 ಒಡ್ಡಿದ್ದರು. ಹೌದು, ಸೋಲುವ ಸಾಧ್ಯತೆಯೂ ಅರ್ಧಕ್ಕೆ ಇಳಿದಿತ್ತು, ಡೆಲ್ಟಾ 0.10 ಆಗಿತ್ತು. ಹಾಗಾಗಿ ಇಟ್ಟುಕೊಂಡಿದ್ದರೂ ತಪ್ಪು ಅಂತ ಲೆಕ್ಕ ಹೇಳುವುದಿಲ್ಲ. ಇದೇ ನನಗೆ ಬಿಡಿಸಲಾಗದ ಗಂಟು, ಮಾವ.

ಕುಂಬಳೆ ಮಾವ

ನನಗೂ ಬಿಡಿಸಲು ಆಗಲಿಲ್ಲ ಟೀಚರೇ. ನಾನು ಬಿಡುವುದು ಮಾರ್ಜಿನ್ನಿನ 50 ಸಾವಿರ ಬೇಗ ಬಿಡುಗಡೆ ಆಗಲಿ ಅಂತ, ಮುಂದಿನ ತಿಂಗಳಿನದ್ದಕ್ಕೆ ಹಾಕಲು. ಶ್ಯಾಮ, ಮುಂದಿನದ್ದಕ್ಕೆ ಅವಸರ ಬೇಡ. ಏರಿದ ಮೇಲೆ ಐವಿ ಇಳಿದಿದೆ. 24,900 ಈಗ ಸಾವಿರ ಪಾಯಿಂಟ್ ಕೆಳಗೆ, ಅಲ್ಲಿ ಮಾರಿದರೆ ಸಿಗುವುದು ಚಿಲ್ಲರೆ. ಹೊಸ ಸಪೋರ್ಟ್ ಎಲ್ಲಿ ಕಾಣುತ್ತಿದೆ?

ಶ್ಯಾಮ, ಬದಿಯಡ್ಕ

25,230ರಲ್ಲಿ ಒಂದು ಸಲ ತಿರುಗಿದೆ ಮಾವ. ಒಂದೇ ಸಲ.

ಕುಂಬಳೆ ಮಾವ

ಹಾಗಾದರೆ ಮದ್ದು ಬಿಡುವ ಕೆಲಸ ಮೊದಲು ಮುಗಿಸು.